ಸಂಬಳದ ಮುಂಗಡಕ್ಕಾಗಿ ಮನವಿ: 60,000 ರೂಪಾಯಿ, ಎಂಟು ಕಂತುಗಳಲ್ಲಿ ಮರುಪಾವತಿ

ಮೈಸೂರು
9 ಸೆಪ್ಟೆಂಬರ್ 2025, ಮಂಗಳವಾರ

ಇವರಿಗೆ:
ಮ್ಯಾನೇಜರ್ ಅವರು
ಡಿಸ್ಪ್ಯಾಚ್ ವಿಭಾಗ
ಹೆಬ್ಬಾಳ ಕೈಗಾರಿಕಾ ಪ್ರದೇಶ ಘಟಕ, ಮೈಸೂರು

ಇವರಿಂದ:
ಸಿ. ಮಹೇಶ್
ಡಿಸ್ಪ್ಯಾಚ್ ಸೂಪರ್‌ವೈಸರ್, ನೌಕರ ಸಂಖ್ಯೆ 0417

ಮಾನ್ಯ ಸರ್,

ವಿಷಯ: ತಂದೆಯವರ ಆಪರೇಷನ್‌ಗಾಗಿ 60,000 ರೂಪಾಯಿ ಸಂಬಳದ ಮುಂಗಡ ಕೋರಿ

ಶನಿವಾರ ಸಂಜೆ ಫೋನಿನಲ್ಲಿ ನಿಮಗೆ ಅರ್ಧಂಬರ್ಧ ಹೇಳಿದ್ದೆ. ಆಗ ನನಗೂ ಪೂರ್ತಿ ಗೊತ್ತಿರಲಿಲ್ಲ. ಈಗ ಲೆಕ್ಕ ಸಿಕ್ಕಿರುವುದರಿಂದ ಬರೆದು ಕೊಡುತ್ತಿದ್ದೇನೆ.

ನಮ್ಮ ತಂದೆಗೆ 68 ವರ್ಷ. ಪಾಂಡವಪುರದ ಹತ್ತಿರ ಊರಿನಲ್ಲೇ ಇದ್ದಾರೆ. ಶನಿವಾರ ಬೆಳಿಗ್ಗೆ ಗದ್ದೆಗೆ ನೀರು ಕಟ್ಟಲು ಹೋಗಿ ನಾಲೆ ಏರಿಯ ಮೇಲೆ ಜಾರಿ ಬಿದ್ದರು. ಎಡ ಸೊಂಟದ ಕೀಲಿನ ಮೂಳೆ ಮುರಿದಿದೆ. ಅವರಿಗೆ ಆಪರೇಷನ್ ಇಷ್ಟವೇ ಇರಲಿಲ್ಲ. 'ನಾಟಿ ಕಟ್ಟು ಕಟ್ಟಿಸಿದ್ರೆ ಆಯ್ತದೆ, ಸುಮ್ನೆ ದುಡ್ಡು ಯಾಕ್ ಸುರೀತೀರಿ' ಅಂತ ಒಂದು ದಿನ ಹಟ ಮಾಡಿದರು. ಈ ವಯಸ್ಸಿನಲ್ಲಿ ಆ ಜಾಗದ ಮೂಳೆ ತಾನಾಗಿ ಕೂಡುವುದು ಕಷ್ಟ, ತಡ ಮಾಡಿದಷ್ಟೂ ಹಾಸಿಗೆ ಹಿಡಿಯುತ್ತಾರೆ ಅಂತ ಡಾಕ್ಟರು ಕೂತು ಹೇಳಿದ ಮೇಲೆ ಒಪ್ಪಿದ್ದಾರೆ. ಇದೇ ಶುಕ್ರವಾರ, 12ನೇ ತಾರೀಖು ಮೈಸೂರಿನಲ್ಲೇ ಆಪರೇಷನ್.

ಆಸ್ಪತ್ರೆಯವರು ಕೊಟ್ಟಿರುವ ಅಂದಾಜು 1,65,000 ರೂಪಾಯಿ. ನನ್ನ ಉಳಿತಾಯ 40,000 ಇದೆ. ತಂಗಿ 25,000 ಕೊಟ್ಟಿದ್ದಾಳೆ. ಹೆಂಡತಿಯ ಬಳೆ ಸೊಸೈಟಿಯಲ್ಲಿಟ್ಟು 40,000 ತಂದಿದ್ದೇವೆ. ಒಟ್ಟು 1,05,000 ಆಯಿತು. ಆಪರೇಷನ್‌ಗೆ ಮುಂಚೆ ಕಟ್ಟಬೇಕಾದ ಒಂದು ಲಕ್ಷ ಇದರಲ್ಲೇ ಮುಗಿಯುತ್ತದೆ. ಉಳಿದದ್ದು ಡಿಸ್ಚಾರ್ಜ್ ದಿನ ಕಟ್ಟಬೇಕು, ಅದು ಹೆಚ್ಚುಕಡಿಮೆ 17ನೇ ತಾರೀಖು, ಬುಧವಾರ. ನನಗೆ ಕೊರತೆ ಬಿದ್ದಿರುವುದು ಆ 60,000 ಮಾತ್ರ.

ಬೇರೆ ದಾರಿ ನೋಡಿದೆಯಾ ಅಂತ ನೀವು ಕೇಳಿಯೇ ಕೇಳುತ್ತೀರಿ, ಕೇಳಬೇಕಾದ್ದೇ. ನಮ್ಮ ಕಂಪನಿಯ ವಿಮೆಯಲ್ಲಿ ನಾನು, ಹೆಂಡತಿ, ಮಗಳು ಮಾತ್ರ ಇದ್ದೇವೆ, ತಂದೆ ತಾಯಿ ಸೇರಿಲ್ಲ. ಸಂಬಳ 21,000 ದಾಟಿದ ಮೇಲೆ ಇಎಸ್‌ಐ ಕೂಡ ನಿಂತಿತು. ಪಿಎಫ್‌ನಿಂದ ಚಿಕಿತ್ಸೆಗೆ ಹಣ ತೆಗೆಯೋಣ ಅಂದರೆ ನನ್ನ ಹೆಸರು ಆಧಾರ್‌ನಲ್ಲಿ ಒಂಥರಾ ಇದೆ, ಪಿಎಫ್ ದಾಖಲೆಯಲ್ಲಿ ಇನ್ನೊಂಥರಾ ಇದೆ. ತಿದ್ದುಪಡಿಗೆ ಎಚ್‌ಆರ್ ಕಡೆಯಿಂದ ಆಗಸ್ಟ್‌ನಲ್ಲೇ ಜಾಯಿಂಟ್ ಡಿಕ್ಲರೇಷನ್ ಹೋಗಿದೆ, ಇನ್ನೂ ಆಗಿಲ್ಲ. ಕೈಸಾಲ ಸಿಗುತ್ತದೆ, ಆದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಕೇಳುತ್ತಿದ್ದಾರೆ. ಅದಕ್ಕೆ ಕೈ ಹಾಕುವ ಮುಂಚೆ ನಿಮ್ಮನ್ನು ಕೇಳುವುದು ಸರಿ ಅನ್ನಿಸಿತು.

ಹಣ ವಾಪಸು ಮಾಡುವ ವಿಷಯ. ನನ್ನ ಒಟ್ಟು ಸಂಬಳ 34,500. ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದು ಕೈಗೆ 32,500 ಬರುತ್ತದೆ. ಮೊದಲು ಕಂತು ತಿಂಗಳಿಗೆ 10,000 ಅಂತ ಬರೆದಿದ್ದೆ. ಹೆಂಡತಿ ಮನೆ ಬಾಡಿಗೆ, ಮಗಳ ಸ್ಕೂಲ್ ವ್ಯಾನು, ಬೈಕಿನ ಇಎಂಐ, ಈಗ ಸೊಸೈಟಿ ಬಡ್ಡಿ ಎಲ್ಲ ಕೂಡಿಸಿ ನೋಡಿ ಅದನ್ನು ಹೊಡೆದು ಹಾಕಿದಳು. ಮೂರನೇ ತಿಂಗಳಿಗೇ ಬಂದು 'ಸರ್, ಈ ಸಲ ಬಿಡಿ' ಅನ್ನುವುದಕ್ಕಿಂತ ಕಟ್ಟಲು ಆಗುವಷ್ಟನ್ನೇ ಹೇಳುವುದು ಒಳ್ಳೆಯದು, ಅಲ್ವಾ? ಹಾಗಾಗಿ 8,000. ಮೊದಲ ತಿಂಗಳು ಮಾತ್ರ ಫಿಸಿಯೋಥೆರಪಿ, ಔಷಧಿ ಖರ್ಚು ಜಾಸ್ತಿ ಇರುವುದರಿಂದ 4,000 ಕೇಳಿಕೊಳ್ಳುತ್ತೇನೆ. ಪ್ರತಿ ತಿಂಗಳ ಸಂಬಳದಲ್ಲಿ ಹೀಗೆ ಹಿಡಿದುಕೊಳ್ಳಬಹುದು:

ಸೆಪ್ಟೆಂಬರ್ 2025: 4,000 (ಬಾಕಿ 56,000)
ಅಕ್ಟೋಬರ್ 2025: 8,000 (ಬಾಕಿ 48,000)
ನವೆಂಬರ್ 2025: 8,000 (ಬಾಕಿ 40,000)
ಡಿಸೆಂಬರ್ 2025: 8,000 (ಬಾಕಿ 32,000)
ಜನವರಿ 2026: 8,000 (ಬಾಕಿ 24,000)
ಫೆಬ್ರವರಿ 2026: 8,000 (ಬಾಕಿ 16,000)
ಮಾರ್ಚ್ 2026: 8,000 (ಬಾಕಿ 8,000)
ಏಪ್ರಿಲ್ 2026: 8,000 (ಬಾಕಿ ಇಲ್ಲ)

ಫೆಬ್ರವರಿಯಲ್ಲಿ ವೃತ್ತಿ ತೆರಿಗೆ 300 ಹಿಡಿಯುತ್ತಾರೆ, ಅದರಿಂದ ಕಂತಿಗೆ ತೊಂದರೆ ಇಲ್ಲ. ಎಲ್ಲ ಕಡಿತ ಸೇರಿದರೂ ತಿಂಗಳಿಗೆ ಸುಮಾರು 10,000 ಆಗುತ್ತದೆ. ಕಡಿತ ಸಂಬಳದ ಅರ್ಧ ದಾಟಬಾರದು ಅನ್ನುವ ನಿಯಮಕ್ಕೂ ಇದು ಅಡ್ಡ ಬರುವುದಿಲ್ಲ, ಅಕೌಂಟ್ಸ್‌ನವರಿಗೆ ಆ ಚಿಂತೆ ಬೇಡ.

ಈ ಲೆಕ್ಕದಲ್ಲಿ ಕಬ್ಬಿನ ಹಣವನ್ನು ನಾನು ಬೇಕಂತಲೇ ಸೇರಿಸಿಲ್ಲ. ನಮ್ಮ ಒಂದೂವರೆ ಎಕರೆ ಕಬ್ಬು ನವೆಂಬರ್‌ನಲ್ಲಿ ಕಟಾವಿಗೆ ಬರುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನಿದೆ. ಆದರೆ ಮಂಡ್ಯ ಕಡೆಯವನಾಗಿ ಆ 14 ದಿನ ನಂಬಿ ನಿಮಗೆ ಮಾತು ಕೊಡಲಾರೆ. ಹಣ ಬಂದರೆ ಬಂದ ವಾರವೇ ಉಳಿದ ಬಾಕಿಯನ್ನು ಒಟ್ಟಿಗೆ ಕಟ್ಟುತ್ತೇನೆ. ಬರದಿದ್ದರೂ ಮೇಲಿನ ಕಂತು ತಪ್ಪುವುದಿಲ್ಲ.

ಯಾವುದಾದರೂ ತಿಂಗಳು ರಜೆ ಹೆಚ್ಚಾಗಿ ಸಂಬಳ ಕಡಿಮೆ ಬಂದರೆ, ಕಂತಿನಲ್ಲಿ ಕಡಿಮೆ ಬಿದ್ದಷ್ಟನ್ನು ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಕಂಪನಿ ಖಾತೆಗೆ ನಾನೇ ಹಾಕುತ್ತೇನೆ. ಕೆಲಸ ಬಿಡುವ ಯೋಚನೆ ನನಗಿಲ್ಲ. ಹಾಗೇನಾದರೂ ಆದರೆ ಬಾಕಿಯನ್ನು ಕೊನೆಯ ಸಂಬಳ ಮತ್ತು ರಜೆ ಹಣದಲ್ಲಿ ಹಿಡಿದುಕೊಳ್ಳಲು ಒಪ್ಪಿಗೆ ಇದೆ. ಅದೂ ಸಾಲದಿದ್ದರೆ ಉಳಿದದ್ದನ್ನು ಕಟ್ಟಿಯೇ ರಿಲೀವಿಂಗ್ ಪತ್ರ ತೆಗೆದುಕೊಳ್ಳುತ್ತೇನೆ. ಸಹಿ ಮಾಡಿದ ಒಪ್ಪಿಗೆ ಪತ್ರ ಇದರ ಜೊತೆಗಿದೆ.

ಇಲ್ಲಿ ನನಗಿದು ಎಂಟನೇ ವರ್ಷ. ಹಿಂದೆ ಒಂದೇ ಸಲ, 2021ರ ಜೂನ್‌ನಲ್ಲಿ, 20,000 ಮುಂಗಡ ತೆಗೆದುಕೊಂಡಿದ್ದೆ. ಜುಲೈಯಿಂದ ನವೆಂಬರ್‌ವರೆಗೆ ತಿಂಗಳಿಗೆ 4,000ದಂತೆ ತೀರಿಸಿದೆ.

ನಮ್ಮಲ್ಲಿ ಸಾಮಾನ್ಯವಾಗಿ ಒಂದು ತಿಂಗಳ ಸಂಬಳದಷ್ಟೇ ಮುಂಗಡ ಕೊಡುತ್ತಾರೆ ಅನ್ನುವುದು ಗೊತ್ತು. ನಾನು ಕೇಳುತ್ತಿರುವುದು ಹತ್ತಿರ ಹತ್ತಿರ ಎರಡು ತಿಂಗಳಿನದು. ಪೂರ್ತಿ ಆಗದಿದ್ದರೆ 40,000 ಕೊಟ್ಟರೂ ದೊಡ್ಡ ಉಪಕಾರ. ಆಗ ಸೆಪ್ಟೆಂಬರ್ ಬಿಟ್ಟು ಅಕ್ಟೋಬರ್‌ನಿಂದ 8,000ದ ಐದು ಕಂತು, ಫೆಬ್ರವರಿಗೆ ಮುಗಿಯುತ್ತದೆ. ಯಾವುದಾದರೂ ಸರಿ, ಗುರುವಾರದೊಳಗೆ ತಿಳಿಸಿದರೆ ಉಳಿದದ್ದಕ್ಕೆ ಓಡಾಡಲು ನನಗೆ ಸಮಯ ಸಿಗುತ್ತದೆ. ಹಣ 16ನೇ ತಾರೀಖು ಮಂಗಳವಾರದೊಳಗೆ ಸಂಬಳದ ಖಾತೆಗೇ ಬಂದರೆ ಸಾಕು.

12ರಿಂದ 17ರವರೆಗಿನ ರಜೆಗೆ ಬೇರೆ ಅರ್ಜಿ ಹಾಕಿದ್ದೇನೆ. ಗಳಿಕೆ ರಜೆ ಒಂಬತ್ತು ದಿನ ಉಳಿದಿದೆ. ದಸರಾ ಆರ್ಡರ್‌ಗಳ ಒತ್ತಡ ಇರುವಾಗ ಹೋಗುತ್ತಿದ್ದೇನೆ ಅನ್ನುವ ಅಳುಕು ಇದೆ. ಲೋಡಿಂಗ್ ಪಟ್ಟಿ, ಲಾರಿಯವರ ನಂಬರುಗಳನ್ನೆಲ್ಲ ಸ್ಟೋರ್ಸ್‌ನ ಮಂಜು ಅವರಿಗೆ ಒಪ್ಪಿಸಿದ್ದೇನೆ. ಅವರು ಒಪ್ಪಿದ್ದಾರೆ.

ನಾಳೆ, ನಾಡಿದ್ದು ಬೆಳಗಿನ ಶಿಫ್ಟಿಗೆ ಬರುತ್ತೇನೆ. ಏನಾದರೂ ಕೇಳುವುದಿದ್ದರೆ ನಿಮ್ಮ ಕ್ಯಾಬಿನ್‌ಗೇ ಕರೆಯಿರಿ ಸರ್.

ವಂದನೆಗಳೊಂದಿಗೆ,

ನಿಮ್ಮ ವಿಶ್ವಾಸಿ,
(ಸಹಿ)
ಸಿ. ಮಹೇಶ್

ಲಗತ್ತು: ಆಸ್ಪತ್ರೆಯ ಅಂದಾಜು ಪಟ್ಟಿ, ಎಕ್ಸ್‌ರೇ ವರದಿಯ ಪ್ರತಿ, ಜೂನ್, ಜುಲೈ, ಆಗಸ್ಟ್ ತಿಂಗಳ ಸಂಬಳದ ಚೀಟಿ, ಕಡಿತಕ್ಕೆ ಒಪ್ಪಿಗೆ ಪತ್ರ