ಈ ಬಿಲ್ಲಿನ ಎಂಟ್ರಿ ಟ್ಯಾಲಿಯಲ್ಲಿ ಹೇಗೆ ಹಾಕಬೇಕು, ಮೇಡಂ?

ಮೇಡಂ, ನಮಸ್ಕಾರ. ಶಿವಮೊಗ್ಗದಲ್ಲಿ ನಿಮ್ಮ ಹತ್ತಿರ ಟ್ಯಾಲಿ ಕಲಿತ ತೀರ್ಥಹಳ್ಳಿಯ ಹುಡುಗಿ ನಾನು. ಈಗ ಅಣ್ಣನ ಅಂಗಡಿಯ ಲೆಕ್ಕ ಪೂರ್ತಿ ನಾನೇ ನೋಡಿಕೊಳ್ಳುತ್ತಿದ್ದೇನೆ. ಅಡಿಕೆ ತೋಟಕ್ಕೆ ಬೇಕಾದ ಸಾಮಾನು ಇಡುತ್ತೇವೆ. ಔಷಧಿ ಹೊಡೆಯುವ ಪಂಪು, ಪೈಪು, ನಾಜಲ್, ಕಾರ್ಬನ್ ಫೈಬರ್ ದೋಟಿ, ಇಂಥವು.

ಒಂದು ಬಿಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಇಪ್ಪತ್ತನೇ ತಾರೀಕಿನೊಳಗೆ 3ಬಿ ಹಾಕಬೇಕು. ಅದಕ್ಕೆ ಮೊದಲು ಎಂಟ್ರಿ ಸರಿ ಮಾಡಿಕೊಳ್ಳೋಣ ಅಂತ ನಿಮಗೆ ಬರೆಯುತ್ತಿದ್ದೇನೆ.

ಬಿಲ್ಲಿನ ತಾರೀಕು ಜೂನ್ ಕೊನೆಯ ವಾರದ್ದು. ಮಾಲು ನಮ್ಮ ಅಂಗಡಿಗೆ ಬಂದಿದ್ದು ಜುಲೈ ಮೊದಲ ವಾರ. ಪುನರ್ವಸು ಮಳೆ ಹಿಡಿಯೋ ಹೊತ್ತಿಗೆ ಬಂತು, ಪಾರ್ಸೆಲ್ಲಿನ ಮೇಲೆ ಅಂಟಿಸಿದ್ದ ಬಿಲ್ಲು ಒದ್ದೆಯಾಗಿತ್ತು. ಒಲೆ ಪಕ್ಕ ಒಣಗಿಸಿ ಫೈಲಿಗೆ ಹಾಕಿದ್ದೇನೆ. ನಮ್ಮ ಜಿಎಸ್‌ಟಿ ನಂಬರು 29ರಿಂದ ಶುರುವಾಗಿ ಹದಿನೈದು ಅಕ್ಷರವೂ ಸರಿಯಾಗಿದೆ, ಒಂದೊಂದೇ ಬೆರಳಿಟ್ಟು ನೋಡಿದೆ. ಎಚ್‌ಎಸ್‌ಎನ್ ಕೋಡ್ ಇದೆ. ಬಿಲ್ ನಂಬರಿನಲ್ಲಿ ಒಂದು ಓರೆ ಗೆರೆ ಇದೆ, ಅದನ್ನು ಹಾಗೇ ಟೈಪ್ ಮಾಡಿದ್ದೇನೆ. ಕಳೆದ ವರ್ಷ ಬೇರೊಂದು ಬಿಲ್ಲಿನಲ್ಲಿ ಓರೆ ಗೆರೆ ಬದಲು ಅಡ್ಡ ಗೆರೆ ಹಾಕಿ 2ಬಿ ಜೊತೆ ತಾಳೆಯಾಗದೆ ನಾಲ್ಕು ದಿನ ಹುಡುಕಿದ್ದೆ. ಅವತ್ತಿಂದ ಬಿಲ್ ನಂಬರು ಎರಡು ಸಲ ಓದಿಯೇ ಹಾಕುವುದು.

ಹದಿನಾಲ್ಕನೇ ತಾರೀಕಿಗೆ ಬಂದ 2ಬಿಯಲ್ಲಿ ಈ ಬಿಲ್ಲು ಕಾಣುತ್ತಿದೆ. ಅಂದರೆ ಮಾಲು ಕಳಿಸಿದವರು ಜಿಎಸ್‌ಟಿಆರ್-1ರಲ್ಲಿ ತೋರಿಸಿದ್ದಾರೆ. ಐಎಂಎಸ್‌ನಲ್ಲೂ ಇದೆ, ನಾನು ಇನ್ನೂ ಏನೂ ಒತ್ತಿಲ್ಲ. ಸುಮ್ನೆ ಬಿಟ್ಟರೆ ಒಪ್ಪಿಕೊಂಡ ಹಾಗೇ ಆಗುತ್ತದಲ್ವಾ?

ನನ್ನ ಕಷ್ಟ ಇರುವುದು ಟ್ಯಾಲಿಯಲ್ಲಿ. ಮೊದಲು F9 ಒತ್ತಿ ಪರ್ಚೇಸ್ ಹಾಕಿದೆ. ಪಾರ್ಟಿಯನ್ನು ಸಂಡ್ರಿ ಕ್ರೆಡಿಟರ್ಸ್ ಕೆಳಗೆ ತೆರೆದೆ. ಪರ್ಚೇಸ್ ಡೆಬಿಟ್, ಇನ್‌ಪುಟ್ ತೆರಿಗೆ ಡೆಬಿಟ್, ಪಾರ್ಟಿ ಕ್ರೆಡಿಟ್. ಸೇವ್ ಆಯಿತು. ಆದರೆ ರಿಪೋರ್ಟ್ ತೆಗೆದರೆ Uncertain Transactions ಅಂತ ಅದರಲ್ಲೇ ಕೂರುತ್ತಿದೆ. ಅದನ್ನು ಅಳಿಸಿ F7ರಲ್ಲಿ ಜರ್ನಲ್ ಹಾಕಿದೆ. ಆಗ ಸ್ಟಾಕ್ ಏರಲೇ ಇಲ್ಲ. ಗೋಡೌನಿನಲ್ಲಿ ದೋಟಿ ಕಣ್ಣೆದುರಿಗೆ ಇವೆ, ಟ್ಯಾಲಿಯಲ್ಲಿ ಇಲ್ಲ! ಅದನ್ನೂ ಅಳಿಸಿದೆ. ಈಗ ಎಂಟ್ರಿಯೇ ಇಲ್ಲದೆ ನಿಂತಿದೆ.

ಇನ್ನೊಂದು ಮಾತು. ಮೇ ತಿಂಗಳಲ್ಲಿ ಕೆಲವು ದೋಟಿಗಳನ್ನು ಅವರಿಗೇ ವಾಪಸ್ ಕಳಿಸಿದ್ದೆವು. ಜಾಯಿಂಟಿನ ಹತ್ತಿರ ಬಿರುಕು ಬಿಟ್ಟಿದ್ದವು. ಔಷಧಿ ಹೊಡೆಯುವವರ ಕೈಯಲ್ಲಿ ಮುರಿದರೆ ಏನು ಗತಿ ಅಂತ ಅಣ್ಣ ಒಂದನ್ನೂ ಮಾರಲಿಲ್ಲ. ಈ ಬಿಲ್ಲಿನಲ್ಲಿ ಅದೂ ಸೇರಿಕೊಂಡಿದೆ ಅಂತ ಅಣ್ಣ ಹೇಳುತ್ತಾನೆ. ಅವನು ಎಲ್ಲಾ ಮಾತಾಡುವುದು ಫೋನಿನಲ್ಲೇ, ಹಾಗಾಗಿ ನನ್ನ ಕೈಗೆ ಬಂದಿರುವುದು ಇದೊಂದು ಕಾಗದ. ಕೆಳಗೆ ಸಾಗಣೆ ಖರ್ಚಿನ ಸಾಲು ಬೇರೆಯೇ ಇದೆ.

ನೀವು ಹೇಳಬೇಕಾದ್ದು ಇಷ್ಟು. ಯಾವ ವೋಚರ್ ಬಳಸಲಿ? ಯಾವುದು ಡೆಬಿಟ್, ಯಾವುದು ಕ್ರೆಡಿಟ್? ತೆರಿಗೆಗೆ ಯಾವ ಲೆಡ್ಜರ್ ಹಿಡಿಯಲಿ? ಸಾಗಣೆಯನ್ನು ಮಾಲಿನ ಬೆಲೆಗೇ ಸೇರಿಸಬೇಕಾ, ಬೇರೆ ಖರ್ಚಿಗೆ ಹಾಕಬೇಕಾ? ಬಿಲ್ಲು ಜೂನಿನದು, ಮಾಲು ಬಂದಿದ್ದು ಜುಲೈಯಲ್ಲಿ. ಮಾಲು ಕೈಗೆ ಬರದೆ ಇನ್‌ಪುಟ್ ತೆಗೆದುಕೊಳ್ಳಬಾರದು ಅಂತ ನೀವೇ ಕ್ಲಾಸಿನಲ್ಲಿ ಹೇಳಿದ್ದು ನೆನಪಿದೆ. ಹಾಗಿದ್ದರೆ ಐಎಂಎಸ್‌ನಲ್ಲಿ ಪೆಂಡಿಂಗ್ ಒತ್ತಿ ಮುಂದಿನ ತಿಂಗಳಿಗೆ ತಳ್ಳಲಾ? ಅಣ್ಣ ಅವರಿಗೆ ಇನ್ನೂ ದುಡ್ಡು ಕೊಟ್ಟಿಲ್ಲ. 180 ದಿನದ ನಿಯಮ ಗೊತ್ತಿದೆ, ಅಷ್ಟು ದಿನ ಎಳೆಯುವುದಿಲ್ಲ.

ನಮ್ಮದಲ್ಲದ ಇನ್‌ಪುಟ್ ಒಂದು ಪೈಸೆಯೂ ನಮಗೆ ಬೇಡ, ಮೇಡಂ. ನಮಗೆ ಬರಬೇಕಾದ್ದನ್ನು ಬಿಡುವುದಕ್ಕೂ ಮನಸ್ಸಿಲ್ಲ. ಅಪ್ಪ ಕೆಂಪು ರಟ್ಟಿನ ಪುಸ್ತಕದಲ್ಲಿ ಲೆಕ್ಕ ಬರೆಯುತ್ತಿದ್ದಾಗ ಒಂದು ಸಾಲಿನಲ್ಲೂ ಹೊಡೆದು ತಿದ್ದಿದ ಗುರುತಿಲ್ಲ. ಆ ಪುಸ್ತಕ ಈಗಲೂ ಗಲ್ಲಾ ಪೆಟ್ಟಿಗೆ ಕೆಳಗೆ ಇದೆ. ನನ್ನ ಎಂಟ್ರಿಯೂ ಹಾಗೇ ಇರಬೇಕು ಅಂತ ಆಸೆ.

ಇಲ್ಲಿ ಮಳೆ ಜಾಸ್ತಿ, ಮಧ್ಯಾಹ್ನದ ಮೇಲೆ ಕರೆಂಟ್ ಇರುವುದಿಲ್ಲ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಕಂಪ್ಯೂಟರ್ ಮುಂದೆ ಇರುತ್ತೇನೆ. ಆ ಹೊತ್ತಿನಲ್ಲಿ ಫೋನ್ ಮಾಡಿದರೆ ನೀವು ಹೇಳಿದ ಹಾಗೇ ಒಂದೊಂದಾಗಿ ಹಾಕುತ್ತಾ ಹೋಗುತ್ತೇನೆ.