ವಿಷಯ: ನನ್ನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸುವ ಬಗ್ಗೆ

ದುಬೈ, 22 ಜನವರಿ 2025

ಶಾಖಾ ಮ್ಯಾನೇಜರ್ ಅವರಿಗೆ,
ಕುಂದಾಪುರ ಶಾಖೆ

ಮೇಡಂ, ನಮಸ್ಕಾರ.

ನಾನು ಪ್ರಶಾಂತ ಗಾಣಿಗ, ಹೆಮ್ಮಾಡಿಯವನು. ನಿಮ್ಮ ಶಾಖೆಯಲ್ಲಿ 2016ರಿಂದ ನನ್ನ ಉಳಿತಾಯ ಖಾತೆ ಇದೆ, ನಂಬರಿನ ಕೊನೆಯ ನಾಲ್ಕು ಅಂಕೆ 4417. ಮೊದಲ ಹೆಸರು ನನ್ನದು, ಎರಡನೇ ಹೆಸರು ಅಮ್ಮನದು. ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಸಂಬಳ ಬರುತ್ತಿದ್ದದ್ದೂ ಇದೇ ಖಾತೆಗೆ. 2024ರ ಆಗಸ್ಟ್ 18ಕ್ಕೆ ನಾನು ಕೆಲಸದ ಮೇಲೆ ದುಬೈಗೆ ಬಂದೆ. ಇಲ್ಲಿ ಏಸಿ ಮೇಂಟೆನೆನ್ಸ್ ಮಾಡುವ ಕಂಪನಿಯೊಂದರಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಎರಡು ವರ್ಷದ ಕರಾರು, ಮುಂದುವರಿಯುವ ಸಾಧ್ಯತೆಯೇ ಜಾಸ್ತಿ. ಹಾಗಾಗಿ ಈ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಡಿ ಎಂದು ಕೇಳುತ್ತಿದ್ದೇನೆ.

ಇದು ಮೂರನೇ ಸಲ ಕೇಳುತ್ತಿರುವುದು. ಮೊದಲೆರಡು ಸಲ ಅಮ್ಮ ಬಂದಿದ್ದರು, ಅಕ್ಟೋಬರ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ. ಅವರಿಗೆ ಮಂಡಿ ನೋವು. ಹೆಮ್ಮಾಡಿಯಿಂದ ಬಸ್ಸಿನಲ್ಲಿ ಬಂದು, ಕಾಗದಗಳನ್ನೆಲ್ಲ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು, ಟೋಕನ್ ಹಿಡಿದು ಕೂತು, ಎರಡು ಸಲವೂ ಕೆಲಸ ಆಗದೆ ವಾಪಸ್ ಹೋದರು. ಕೌಂಟರಿನಲ್ಲಿದ್ದವರು ಒರಟಾಗಿ ಮಾತಾಡಲಿಲ್ಲ, ಅದನ್ನು ಅಮ್ಮನೇ ಹೇಳಿದರು. ಆದರೆ ಕೊಟ್ಟ ಎರಡು ಕಾರಣಗಳೂ ಸರಿ ಇರಲಿಲ್ಲ. ಅಮ್ಮನಿಗೆ ಅದನ್ನು ಅಲ್ಲಿ ನಿಂತು ವಾದಿಸಲು ಆಗುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಅಕ್ಟೋಬರ್‌ನಲ್ಲಿ ಹೇಳಿದ್ದು, "ಹೋಗಿ 182 ದಿನ ಆಗಿಲ್ಲ, ಆದ ಮೇಲೆ ಬನ್ನಿ" ಅಂತ. ಆ 182 ದಿನ ಆದಾಯ ತೆರಿಗೆಯ ಲೆಕ್ಕ ಮೇಡಂ. ಖಾತೆ ಯಾವ ಬಗೆಯದು ಎಂದು ತೀರ್ಮಾನಿಸುವುದು 1999ರ ಫೆಮಾ ಕಾಯ್ದೆ. ಕೆಲಸಕ್ಕೆಂದು ದೇಶ ಬಿಟ್ಟು ಹೋದವನನ್ನು ಆ ಕಾಯ್ದೆ ಹೋದಾಗಿನಿಂದಲೇ ಅನಿವಾಸಿ ಎಂದು ನೋಡುತ್ತದೆ, ಹೊರಗೆ ಇಷ್ಟು ದಿನ ಕಳೆಯಲಿ ಎಂದು ಕಾಯುವುದಿಲ್ಲ. ಖಾತೆದಾರ ಅನಿವಾಸಿಯಾದರೆ ಅವನ ವಾಸಿ ಖಾತೆಯನ್ನು ಎನ್‌ಆರ್‌ಒ ಎಂದು ಗುರುತಿಸಬೇಕು ಎನ್ನುವುದು ರಿಸರ್ವ್ ಬ್ಯಾಂಕಿನ 2016ರ ಠೇವಣಿ ನಿಯಮಗಳಲ್ಲೇ ಇದೆ. ಇನ್ನು ತೆರಿಗೆ ಲೆಕ್ಕದಲ್ಲೂ ನಾನು ಈ ವರ್ಷ ಅನಿವಾಸಿಯೇ, ಏಕೆಂದರೆ ಏಪ್ರಿಲ್ 1ರಿಂದ ಆಗಸ್ಟ್ 18ರವರೆಗೆ ಊರಿನಲ್ಲಿದ್ದದ್ದು 140 ದಿನ ಮಾತ್ರ, ಮಾರ್ಚ್ ಮುಗಿಯುವ ಮೊದಲು ರಜೆ ಇಲ್ಲ.

ಡಿಸೆಂಬರ್‌ನಲ್ಲಿ ಕೇಳಿದ್ದು ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸಿದ ಪುಟ. ಅಮ್ಮ ರಾತ್ರಿ ಫೋನ್ ಮಾಡಿ "ಎಲ್ಲಾ ಪುಟ ತೆಗೆದು ನೋಡು ಮಗಾ, ಎಲ್ಲೋ ಇರಬೇಕು" ಅಂದರು. ಎಲ್ಲೂ ಇಲ್ಲ, ಇರುವುದೂ ಇಲ್ಲ. ಯುಎಇ ಸರ್ಕಾರ 2022ರಲ್ಲೇ ಪಾಸ್‌ಪೋರ್ಟಿಗೆ ವಾಸದ ವೀಸಾ ಅಂಟಿಸುವುದನ್ನು ನಿಲ್ಲಿಸಿತು. ಈಗ ಎಮಿರೇಟ್ಸ್ ಐಡಿ ಕಾರ್ಡೇ ವಾಸದ ದಾಖಲೆ. ಅದರ ಎರಡೂ ಬದಿಯ ಪ್ರತಿ ಲಗತ್ತಿಸಿದ್ದೇನೆ, 784ರಿಂದ ಶುರುವಾಗುವ ನಂಬರು, ಅವಧಿ ಎಷ್ಟರವರೆಗೆ ಎನ್ನುವುದೂ ಅದರಲ್ಲೇ ಇದೆ. ಜೊತೆಗೆ ಆನ್‌ಲೈನ್‌ನಲ್ಲಿ ಸಿಗುವ ವಾಸದ ಪರವಾನಗಿಯ ಪ್ರಿಂಟ್ ಇದೆ. ಪಾಸ್‌ಪೋರ್ಟಿನ 11ನೇ ಪುಟದಲ್ಲಿ ಮಂಗಳೂರು ವಿಮಾನ ನಿಲ್ದಾಣದ ಇಮಿಗ್ರೇಷನ್ ಮುದ್ರೆ ಇದೆ, ಸ್ವಲ್ಪ ಮಾಸಿದೆ, ಆದರೆ 18 ಆಗಸ್ಟ್ ಅನ್ನುವುದು ಓದಲು ಬರುತ್ತದೆ. ಆ ಪುಟವನ್ನು ದೊಡ್ಡದು ಮಾಡಿ ಪ್ರತಿ ತೆಗೆಸಿದ್ದೇನೆ.

ತಡ ಆಗಿರುವುದು ನನ್ನಿಂದಲೂ ಹೌದು. ಕಾರ್ಡ್ ಕೈಗೆ ಬರಲಿ ಅಂತ ಸೆಪ್ಟೆಂಬರ್ ಕೊನೆಯವರೆಗೆ ಕಾದೆ. ಆಮೇಲೆ ನವೆಂಬರ್‌ನಲ್ಲಿ 38,000, ಡಿಸೆಂಬರ್‌ನಲ್ಲಿ 40,000 ರೂಪಾಯಿಯನ್ನು ಇಲ್ಲಿನ ಎಕ್ಸ್‌ಚೇಂಜ್ ಮೂಲಕ ಇದೇ ಖಾತೆಗೆ ಹಾಕಿದೆ. ಅಮ್ಮನ ಕಣ್ಣಿನ ಆಪರೇಷನ್ ಇತ್ತು, ಬೇರೆ ದಾರಿ ಹೊಳೆಯಲಿಲ್ಲ. ಈ ಎರಡೂ ಜಮೆಯ ರಸೀದಿ ಇಟ್ಟಿದ್ದೇನೆ. ಜನವರಿಯಿಂದ ಈ ಖಾತೆಗೆ ಏನೂ ಹಾಕಿಲ್ಲ, ಅಮ್ಮನ ಸ್ವಂತ ಖಾತೆಗೇ ಕಳಿಸುತ್ತಿದ್ದೇನೆ. ಇಲ್ಲಿಯ ಸಂಬಳ ಉಳಿಸಲು ಎನ್‌ಆರ್‌ಇ ಖಾತೆ ಬೇಕು ಎನ್ನುವುದು ಗೊತ್ತಿದೆ. ಹಳೆಯ ಖಾತೆಯನ್ನೇ ಎನ್‌ಆರ್‌ಇ ಮಾಡಲು ಬರುವುದಿಲ್ಲ, ಹೊಸದಾಗಿ ತೆರೆಯಬೇಕು. ಅದರ ಅರ್ಜಿಯನ್ನು ಬೇರೆಯಾಗಿ ಹಾಕುತ್ತೇನೆ. ದಯವಿಟ್ಟು ಎರಡನ್ನೂ ಸೇರಿಸಿ ಒಂದಕ್ಕೆ ಇನ್ನೊಂದು ಕಾಯುವ ಹಾಗೆ ಮಾಡಬೇಡಿ.

ಈಗ ನನಗೆ ನಿಜವಾಗಿ ಚಿಂತೆ ಇರುವ ವಿಷಯ. ಮನೆ ನಡೆಯುವುದೇ ಈ ಖಾತೆಯಿಂದ. ಈಗ ಇದು 'ಐದರ್ ಆರ್ ಸರ್ವೈವರ್', ಅಂದರೆ ಅಮ್ಮನೂ ಸಹಿ ಹಾಕಿ ದುಡ್ಡು ತೆಗೆಯಬಹುದು. ಎನ್‌ಆರ್‌ಒ ಆದ ಮೇಲೆ ಊರಿನಲ್ಲಿರುವವರ ಜೊತೆಗಿನ ಜಂಟಿ ಖಾತೆ 'ಫಾರ್ಮರ್ ಆರ್ ಸರ್ವೈವರ್' ಆಗಬೇಕು, ನಾನಿರುವಷ್ಟು ದಿನ ಸಹಿ ನನ್ನದೇ. ಖಾತೆ ಬದಲಾದ ಮರುದಿನ ಅಮ್ಮ ಚೆಕ್ ಹಿಡಿದು ಬಂದರೆ ನೀವು ಕೊಡುವ ಹಾಗಿಲ್ಲ, ಅಲ್ವಾ? ಅದಕ್ಕೆ ಅಮ್ಮನ ಹೆಸರಿಗೆ ಮ್ಯಾಂಡೇಟ್ ಪತ್ರವನ್ನೂ ಇದರ ಜೊತೆಗೇ ಕಳಿಸಿದ್ದೇನೆ. ಅವರು ಊರಿನ ಖರ್ಚಿಗೆ ಮಾತ್ರ ರೂಪಾಯಿಯಲ್ಲಿ ವ್ಯವಹಾರ ಮಾಡಬಹುದು, ಯಾರಿಗೂ ಉಡುಗೊರೆಯಾಗಿ ಕೊಡುವ ಹಾಗಿಲ್ಲ, ನನ್ನನ್ನು ಬಿಟ್ಟು ಬೇರೆಯವರಿಗೆ ಹೊರದೇಶಕ್ಕೆ ಕಳಿಸುವ ಹಾಗಿಲ್ಲ ಎನ್ನುವ ಷರತ್ತನ್ನು ಅಮ್ಮನಿಗೂ ಓದಿ ಹೇಳಿದ್ದೇನೆ. ನನ್ನ ಒಂದೇ ಕೋರಿಕೆ: ಖಾತೆ ಬದಲಾಗುವುದೂ ಮ್ಯಾಂಡೇಟ್ ಏರುವುದೂ ಒಂದೇ ದಿನ ಆಗಲಿ. ನಡುವೆ ಒಂದು ವಾರ ಅಂತರ ಬಿದ್ದರೂ ಅವರು ಔಷಧಿಗೆ ಯಾರ ಹತ್ತಿರವಾದರೂ ಕೈ ಚಾಚಬೇಕಾಗುತ್ತದೆ. ಅವರು ಹಾಗೆ ಕೇಳುವವರಲ್ಲ, ಸುಮ್ನೆ ಔಷಧಿ ಬಿಟ್ಟುಬಿಡುತ್ತಾರೆ.

ನಾಮಿನಿಯಾಗಿ ಇನ್ನೂ ಅಪ್ಪನ ಹೆಸರೇ ಇದೆ. ಅಪ್ಪ 2021ರಲ್ಲಿ ತೀರಿಕೊಂಡರು. ತಂಗಿಯ ಹೆಸರು ಸೇರಿಸುವ ಫಾರಂ ಇಟ್ಟಿದ್ದೇನೆ, ಮರಣ ಪ್ರಮಾಣಪತ್ರದ ಪ್ರತಿಯೂ ಇದೆ.

ಇದೇ ಖಾತೆಗೆ ಸೇರಿದ ಎರಡು ಲಕ್ಷದ ಎಫ್‌ಡಿ ಒಂದಿದೆ, 2026ರ ಆಗಸ್ಟ್‌ಗೆ ಮುಗಿಯುತ್ತದೆ. ಅದನ್ನೂ ಎನ್‌ಆರ್‌ಒ ಎಂದು ಗುರುತಿಸಿ, ಆದರೆ ಮುರಿಯಬೇಡಿ, ಒಪ್ಪಿದ ಬಡ್ಡಿಗೇ ಅವಧಿ ಮುಗಿಯುವವರೆಗೆ ಇರಲಿ. ಕಳೆದ ಏಪ್ರಿಲ್‌ನಲ್ಲಿ ನಾನು 15ಜಿ ಫಾರಂ ಕೊಟ್ಟಿದ್ದೆ. ಅದು ಭಾರತದ ನಿವಾಸಿಗಳಿಗೆ ಮಾತ್ರ, ಈಗ ನನಗೆ ಅನ್ವಯಿಸುವುದಿಲ್ಲ, ರದ್ದು ಮಾಡಿ. ಎನ್‌ಆರ್‌ಒ ಬಡ್ಡಿಗೆ ಶೇ. 30 ಟಿಡಿಎಸ್, ಮೇಲೆ ಸೆಸ್ ಸೇರಿ ಶೇ. 31.2 ಹಿಡಿಯುತ್ತೀರಿ ಎನ್ನುವುದು ಗೊತ್ತಿದ್ದೇ ಕೇಳುತ್ತಿದ್ದೇನೆ. ಈಗಾಗಲೇ ಟಿಡಿಎಸ್ ಇಲ್ಲದೆ ಜಮೆಯಾದ ಬಡ್ಡಿಗೆ ತೆರಿಗೆ ಬಾಕಿ ಬಂದರೆ ರಿಟರ್ನ್ ಹಾಕುವಾಗ ಕಟ್ಟುತ್ತೇನೆ. ಭಾರತ ಮತ್ತು ಯುಎಇ ನಡುವಿನ ಒಪ್ಪಂದದ ಪ್ರಕಾರ ಈ ಬಡ್ಡಿಗೆ ಶೇ. 12.5 ದರ ಸಿಗುತ್ತದೆ, ಆದರೆ ಅದಕ್ಕೆ ಇಲ್ಲಿನ ತೆರಿಗೆ ನಿವಾಸಿ ಪ್ರಮಾಣಪತ್ರ ಮತ್ತು 10ಎಫ್ ಫಾರಂ ಬೇಕು. ಈ ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಇಲ್ಲಿ ಕಳೆದ ಮೇಲೆ ಆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ ಕಳಿಸುತ್ತೇನೆ. ಅಲ್ಲಿಯವರೆಗೆ ಪೂರ್ತಿ ದರವೇ ಹಿಡಿಯಿರಿ.

ಇನ್ನೊಂದು ಮುಖ್ಯ ಮಾತು, ಖಾತೆ ನಂಬರು ಇದೇ ಇರುತ್ತದೆಯೋ ಬದಲಾಗುತ್ತದೆಯೋ ಮೊದಲೇ ತಿಳಿಸಿ. ಪ್ರತಿ ತಿಂಗಳು 5ನೇ ತಾರೀಕು ಬೇರೆ ಬ್ಯಾಂಕಿನ ಮನೆ ಸಾಲದ ಕಂತು 11,640 ರೂಪಾಯಿ ಇದರಿಂದ ಹೋಗುತ್ತದೆ, ವಿಮೆಯ ಕಂತು ಮೂರು ತಿಂಗಳಿಗೊಮ್ಮೆ. ನಂಬರು ಬದಲಾಗುವುದಾದರೆ ನಾನು ಅಲ್ಲಿ ಹೊಸ ಮ್ಯಾಂಡೇಟ್ ಕೊಡಬೇಕು, ಅದಕ್ಕೆ ಕನಿಷ್ಠ ಹದಿನೈದು ದಿನ ಬೇಕು. ಅಪ್ಪ ಹಾಕಿಸಿದ ಮಾಡನ್ನು ತೆಗೆದು ಹೊಸದು ಮಾಡಿಸಲು ತೆಗೆದ ಸಾಲ ಅದು, ಆರು ವರ್ಷದಲ್ಲಿ ಒಂದು ಕಂತೂ ತಪ್ಪಿಲ್ಲ. ಹಳೆಯ ಚೆಕ್ ಬುಕ್‌ನಲ್ಲಿ ಏಳು ಹಾಳೆ ಉಳಿದಿವೆ, ಖಾತೆ ಬದಲಾದ ದಿನ ಅಮ್ಮ ತಂದು ಒಪ್ಪಿಸುತ್ತಾರೆ. ಹಳೆಯ ಎಟಿಎಂ ಕಾರ್ಡನ್ನೂ ಅಂದೇ ನಿಲ್ಲಿಸಿ.

ಮೊಬೈಲ್ ನಂಬರನ್ನು ನನ್ನ ಯುಎಇ ನಂಬರಿಗೆ ಬದಲಾಯಿಸಿ, ಅದು ಅರ್ಜಿಯಲ್ಲಿದೆ. ಊರಿನ ಸಿಮ್ ರೋಮಿಂಗ್‌ನಲ್ಲಿ ಇದೆ, ಆದರೆ ಒಟಿಪಿ ಒಮ್ಮೊಮ್ಮೆ ಅರ್ಧ ಗಂಟೆ ಬಿಟ್ಟು ಬರುತ್ತದೆ. ಎನ್‌ಆರ್‌ಒ ಖಾತೆಗೆ ಯುಎಇ ನಂಬರಿನಿಂದ ಯುಪಿಐ ಬಳಸಲು 2023ರಿಂದ ಅವಕಾಶ ಇದೆ. ನಿಮ್ಮಲ್ಲಿ ಅದಕ್ಕೆ ಬೇರೆ ಫಾರಂ ಇದ್ದರೆ ಕಳಿಸಿಕೊಡಿ.

ಇಷ್ಟು ಕಾಗದಗಳನ್ನು ಲಗತ್ತಿಸಿದ್ದೇನೆ: ನಿಮ್ಮ ವೆಬ್‌ಸೈಟಿನಿಂದ ತೆಗೆದು ನಾನೂ ಅಮ್ಮನೂ ಸಹಿ ಹಾಕಿದ ಖಾತೆ ಬದಲಾವಣೆಯ ಅರ್ಜಿ, ಪಾಸ್‌ಪೋರ್ಟ್, ಎಮಿರೇಟ್ಸ್ ಐಡಿ, ಪ್ಯಾನ್, ಕೆಲಸದ ಕರಾರು, ಮ್ಯಾಂಡೇಟ್, ನಾಮಿನಿ ಫಾರಂ, ಎಫ್‌ಎಟಿಸಿಎ ಘೋಷಣೆ. ಘೋಷಣೆಯಲ್ಲಿ ತೆರಿಗೆ ನಂಬರಿನ ಜಾಗದಲ್ಲಿ "ಇಲ್ಲ" ಎಂದು ಬರೆದಿದ್ದೇನೆ, ಏಕೆಂದರೆ ಇಲ್ಲಿ ಸಂಬಳಕ್ಕೆ ಆದಾಯ ತೆರಿಗೆಯೇ ಇಲ್ಲ, ನನ್ನಂಥವರಿಗೆ ಅಂಥ ನಂಬರು ಇರುವುದಿಲ್ಲ. ನಾನಿರುವುದು ಕಂಪನಿಯ ವಸತಿಯಲ್ಲಿ, ಹಾಗಾಗಿ ಬಾಡಿಗೆ ಕರಾರು ನನ್ನ ಹೆಸರಿನಲ್ಲಿಲ್ಲ. ವಿಳಾಸಕ್ಕೆ ಕಂಪನಿಯ ಪತ್ರ ಕೊಟ್ಟಿದ್ದೇನೆ. ಪ್ರತಿಗಳಿಗೂ ನನ್ನ ಸಹಿಗೂ ದುಬೈಯ ಭಾರತೀಯ ಕಾನ್ಸುಲೇಟ್‌ನ ದೃಢೀಕರಣ ಇದೆ. ಮೂಲ ಕಾಗದಗಳನ್ನು ನಿನ್ನೆಯೇ ಕೊರಿಯರ್ ಮಾಡಿದ್ದೇನೆ, ನಿಮ್ಮ ಹೆಸರಿಗೇ.

ಏನಾದರೂ ಕಡಿಮೆ ಇದ್ದರೆ ಎಲ್ಲವನ್ನೂ ಒಂದೇ ಸಲ ಈ ಮೇಲ್‌ಗೆ ಉತ್ತರವಾಗಿ ಬರೆಯಿರಿ. ಅಮ್ಮನನ್ನು ಇನ್ನೊಮ್ಮೆ ಬರಲು ಹೇಳಬೇಡಿ, ಕೆಲಸ ಆಗುವ ದಿನ ಮಾತ್ರ ಕರೆಯಿರಿ, ಆ ದಿನ ತಂಗಿ ರಜೆ ಹಾಕಿ ಜೊತೆಗೆ ಬರುತ್ತಾಳೆ. ಮುಖ ನೋಡಿ ಖಚಿತ ಮಾಡಿಕೊಳ್ಳಬೇಕು ಎಂದಾದರೆ ವಿಡಿಯೋ ಕಾಲ್ ಮಾಡಿ. ನನಗೆ ಊಟದ ಬಿಡುವು ಇಲ್ಲಿ 12ರಿಂದ 1, ಅಂದರೆ ನಿಮ್ಮಲ್ಲಿ ಒಂದೂವರೆಯಿಂದ ಎರಡೂವರೆ. ಉಳಿದ ಹೊತ್ತು ಕಟ್ಟಡದ ಮೇಲೆ ಕೆಲಸದಲ್ಲಿರುತ್ತೇನೆ, ಫೋನ್ ಕೆಳಗೆ ಇಟ್ಟು ಹೋಗಬೇಕು, ಆದರೆ ಸಂಜೆ ಬಂದ ಕೂಡಲೇ ಮೇಲ್ ನೋಡುತ್ತೇನೆ. ಫೆಬ್ರವರಿ 5ರ ಕಂತು ಹಳೆಯ ಖಾತೆಯಿಂದಲೇ ಹೋಗಲಿ, ಅದಾದ ಮೇಲೆ ಯಾವ ದಿನ ಬದಲಾಯಿಸಿದರೂ ನನಗೆ ಅನುಕೂಲ.

ಇಂತಿ,
ಪ್ರಶಾಂತ ಗಾಣಿಗ
ಖಾತೆ ಕೊನೆಯ ಅಂಕೆಗಳು 4417, ಕುಂದಾಪುರ ಶಾಖೆ