ಹೊರಗೋಡೆಗೆ ಬಣ್ಣ ಹೊಡೆಸುವ ಬಗ್ಗೆ ಎಲ್ಲಾ ಬಾಡಿಗೆದಾರರಿಗೆ ನೋಟಿಸ್

ದಿನಾಂಕ: 3 ಜನವರಿ 2026, ಶನಿವಾರ
ಬನಶಂಕರಿ 2ನೇ ಹಂತ, ಬೆಂಗಳೂರು

ಒಂದನೇ, ಎರಡನೇ, ಮೂರನೇ ಮಹಡಿಯ ಒಂಬತ್ತೂ ಮನೆಯವರಿಗೆ,

ನಮಸ್ಕಾರ. ಜನವರಿ 19, ಸೋಮವಾರದಿಂದ ಬಿಲ್ಡಿಂಗ್‌ನ ಹೊರಗಡೆ ಬಣ್ಣದ ಕೆಲಸ ಶುರುವಾಗುತ್ತದೆ. ಫೆಬ್ರವರಿ 18ರವರೆಗೆ, ಅಂದರೆ ಪೂರ್ತಿ ಒಂದು ತಿಂಗಳು ನಡೆಯುತ್ತದೆ. ನಿಮ್ಮಿಂದ ಎರಡು ಸಹಾಯ ಬೇಕು. ನಿಮ್ಮ ಕಡೆಯ ಗೋಡೆಯ ಸರದಿ ಬರುವ ಮುಂಚೆ ಬಾಲ್ಕನಿ, ಯುಟಿಲಿಟಿ ಪೂರ್ತಿ ಖಾಲಿ ಮಾಡಿಕೊಡಿ. ಹಗಲು ಹೊತ್ತಿನ ಸದ್ದನ್ನು ಸ್ವಲ್ಪ ಸಹಿಸಿಕೊಳ್ಳಿ. ಇದನ್ನು ಗೇಟಿನ ಹತ್ತಿರ ಅಂಟಿಸುತ್ತೇನೆ, ವಾಟ್ಸಾಪ್ ಗ್ರೂಪಿನಲ್ಲೂ ಹಾಕುತ್ತೇನೆ. ಆದರೂ ಒಂದೊಂದು ಪ್ರತಿ ಮನೆಮನೆಗೆ ಕೊಡುತ್ತಿದ್ದೇನೆ, ಯಾಕೆಂದರೆ ಗ್ರೂಪಿನಲ್ಲಿ ಬಂದಿದ್ದು ಗುಡ್ ಮಾರ್ನಿಂಗ್ ಮೆಸೇಜುಗಳ ಕೆಳಗೆ ಹೋಗಿಬಿಡುತ್ತದೆ.

ಈಗಲೇ ಯಾಕೆ ಅಂತ ಕೆಲವರು ಕೇಳಿದ್ದೀರಿ. ಹಿಂಭಾಗದ ಗೋಡೆ ನೋಡಿದರೆ ಗೊತ್ತಾಗುತ್ತದೆ. ಪಾಚಿ ಕಪ್ಪಗೆ ಕಟ್ಟಿದೆ, ಅಲ್ಲಲ್ಲಿ ಬಣ್ಣ ಉಬ್ಬಿ ಉದುರುತ್ತಿದೆ. ಎರಡನೇ ಮಹಡಿಯ ಹಿಂದಿನ ಮನೆಯವರ ಬೆಡ್‌ರೂಮಿನ ಗೋಡೆ ಅಕ್ಟೋಬರ್ ಮಳೆಗೆ ಒಳಗಡೆಯೂ ಒದ್ದೆಯಾಗಿತ್ತು. ಹೊರಗಿನ ಬಿರುಕು ಮುಚ್ಚದೆ ಒಳಗೆ ಎಷ್ಟು ಪುಟ್ಟಿ ಹಾಕಿದರೂ ದಂಡ. ಹಾಗಂತ ಮಳೆ ನಿಂತ ಕೂಡಲೇ ಬಣ್ಣ ಹೊಡೆಯುವಂತೆಯೂ ಇಲ್ಲ. ಗೋಡೆ ಕುಡಿದ ನೀರು ಆರಬೇಕು. ಇಲ್ಲದಿದ್ದರೆ ಹೊಸ ಬಣ್ಣವೂ ಗುಳ್ಳೆ ಎದ್ದು ಸುಲಿದು ಬರುತ್ತದೆ. ನಮ್ಮ ಊರಿನಲ್ಲಿ ಜನವರಿ, ಫೆಬ್ರವರಿಯಲ್ಲಿ ಮಳೆ ತೀರಾ ಕಡಿಮೆ, ಬಿಸಿಲೂ ಹದವಾಗಿರುತ್ತದೆ. ಮಾರ್ಚ್ ಬಂದರೆ ಮಕ್ಕಳ ಪರೀಕ್ಷೆ. ಏಪ್ರಿಲ್, ಮೇನಲ್ಲಿ ಸಂಜೆ ಹೊತ್ತು ಗುಡುಗು ಮಳೆ. ಹಾಗಾಗಿ ಸಂಕ್ರಾಂತಿ ಮುಗಿದ ಮೇಲಿನ ಈ ತಿಂಗಳು ಬಿಟ್ಟರೆ ಬೇರೆ ಹೊತ್ತು ಸಿಗುವುದಿಲ್ಲ.

ಯಾವ ಕಡೆ ಯಾವಾಗ ಅಂತ ಮೇಸ್ತ್ರಿ ಜೊತೆ ಕೂತು ಹೀಗೆ ಮಾಡಿದ್ದೇವೆ:

ಹಿಂಭಾಗ: ಜನವರಿ 19ರಿಂದ 25
ಉತ್ತರದ ಕಡೆ, ಪಕ್ಕದ ಬಿಲ್ಡಿಂಗಿಗೆ ತೀರಾ ಹತ್ತಿರ ಇರುವ ಗೋಡೆ: ಜನವರಿ 27ರಿಂದ ಫೆಬ್ರವರಿ 2
ದಕ್ಷಿಣದ ಕಡೆ, ಮೆಟ್ಟಿಲಿನ ಗೋಡೆ ಸೇರಿ: ಫೆಬ್ರವರಿ 3ರಿಂದ 9
ಮುಂಭಾಗ, ರಸ್ತೆ ಕಡೆ: ಫೆಬ್ರವರಿ 10ರಿಂದ 16
ಗ್ರಿಲ್, ಗೇಟು, ಟೆರೇಸಿನ ಪ್ಯಾರಪೆಟ್: ಫೆಬ್ರವರಿ 17, 18

ಭಾನುವಾರ ಕೆಲಸ ಇಲ್ಲ. ಜನವರಿ 26ಕ್ಕೂ ಇಲ್ಲ. ಫೆಬ್ರವರಿ 15 ಶಿವರಾತ್ರಿ, ಅದು ಹೇಗೂ ಭಾನುವಾರವೇ. ಮಾರನೇ ದಿನ ಜಾಗರಣೆ ಮಾಡಿದವರು ಮಲಗಿರುತ್ತೀರಿ, ಅವತ್ತು ಬರೀ ರೋಲರ್, ಬ್ರಷ್ ಕೆಲಸ ಇಟ್ಟುಕೊಳ್ಳಿ ಅಂತ ಹೇಳಿದ್ದೇನೆ. ಒಂದೆರಡು ದಿನ ಹಿಂದೆ ಮುಂದೆ ಆಗಬಹುದು. ಆದರೆ ಹಿಂದಿನ ದಿನ ಸಂಜೆಯೇ ತಿಳಿಸುತ್ತೇನೆ.

ಈಗ ಬಾಲ್ಕನಿ ವಿಷಯ. ನಿಮ್ಮ ಕಡೆಯ ಕೆಲಸ ಶುರುವಾಗುವ ಹಿಂದಿನ ದಿನ ಸಂಜೆ ಆರು ಗಂಟೆಯೊಳಗೆ ಅಲ್ಲಿ ಏನೂ ಇರಬಾರದು. ಹಿಂದಿನ ಮನೆಯವರಿಗೆ ಮೊದಲ ಸರದಿ, ಅವರು 18ರೊಳಗೆ ಮುಗಿಸಿ. ಸಂಕ್ರಾಂತಿಗೆ ಹೇಗೂ ಮನೆ ಕ್ಲೀನ್ ಮಾಡುತ್ತೀರಲ್ವಾ, ಅದರ ಜೊತೆಗೇ ಆಗಿಹೋಗಲಿ. ಚಪ್ಪಲಿ ಸ್ಟ್ಯಾಂಡು, ಮಕ್ಕಳ ಸೈಕಲ್, ಮುರಿದ ಕುರ್ಚಿ, ಹಳೇ ಪೇಪರ್ ಕಟ್ಟು, ಬಟ್ಟೆ ಒಣಹಾಕುವ ತಂತಿ, ಎಲ್ಲಾ ಒಳಗೆ ಹೋಗಬೇಕು. ಖಾಲಿ ಗ್ಯಾಸ್ ಸಿಲಿಂಡರ್ ಕೂಡ. ಯುಟಿಲಿಟಿಯಲ್ಲಿರುವ ವಾಷಿಂಗ್ ಮೆಷಿನ್ ತೆಗೆಯುವುದು ಕಷ್ಟ, ಅದಕ್ಕೆ ಹುಡುಗರೇ ಪ್ಲಾಸ್ಟಿಕ್ ಹೊದಿಸುತ್ತಾರೆ. ಗೋಡೆ ತೊಳೆಯುವ ದಿನ ಮಾತ್ರ ಅದರ ಪ್ಲಗ್ ಕಿತ್ತಿಟ್ಟಿರಿ, ಮರೆಯಬೇಡಿ.

ಹೂವಿನ ಕುಂಡಗಳದ್ದೇ ದೊಡ್ಡ ಕಥೆ. ಮೂರನೇ ಮಹಡಿ ಮುಂದಿನ ಮನೆಯಲ್ಲಿ ಒಂದು ಸಣ್ಣ ಲಾಲ್‌ಬಾಗೇ ಇದೆ. ಕುಂಡಗಳನ್ನು ಟೆರೇಸಿನ ದಕ್ಷಿಣದ ಕಡೆ ಇಡಬಹುದು. ಮನೆ ನಂಬರ್ ಮಾರ್ಕರ್‌ನಲ್ಲಿ ಬರೆದಿಡಿ. ಒಂದೇ ಕಡೆ ಗುಡ್ಡೆ ಹಾಕಬೇಡಿ, ಗೋಡೆ ಪಕ್ಕ ಸಾಲಾಗಿ ಇಡಿ. ಒದ್ದೆ ಮಣ್ಣಿನ ಭಾರ ಕಡಿಮೆ ಏನಲ್ಲ. ಹೊರಲಾಗದವರು ಹೇಳಿ, ಇಬ್ಬರು ಹುಡುಗರನ್ನು ಕಳಿಸುತ್ತೇನೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ನೀರು ಹಾಕುವುದು ಮಾತ್ರ ನಿಮ್ಮ ಕೆಲಸ. ತುಳಸಿ ಗಿಡವನ್ನು ಟೆರೇಸಿಗೆ ಕಳಿಸಲು ಮನಸ್ಸಿಲ್ಲದವರು ಒಳಗೇ ಬಿಸಿಲು ಬೀಳುವ ಕಿಟಕಿ ಹತ್ತಿರ ಇಟ್ಟುಕೊಳ್ಳಿ, ಒಂದು ವಾರದ ಮಟ್ಟಿಗೆ ಏನೂ ಆಗುವುದಿಲ್ಲ.

ಪಾರಿವಾಳದ ಬಲೆ ಬಿಚ್ಚಲೇಬೇಕು. ಬಿಚ್ಚಿ, ಬಣ್ಣ ಆದ ಮೇಲೆ ಮತ್ತೆ ಕಟ್ಟಿಸುವ ಖರ್ಚು ನನ್ನದು. ಹರಿದು ಹೋಗಿರುವ ಬಲೆಗೆ ಬದಲು ಹೊಸದು ಬೇಕಿದ್ದರೆ ಅದರ ಖರ್ಚು ನಿಮ್ಮದು. ಎಸಿ ಹೊರಗಿನ ಯೂನಿಟ್‌ಗೆ ಕವರ್ ಹಾಕಿದ್ದಾಗ ಎಸಿ ಆನ್ ಮಾಡಬೇಡಿ. ಡಿಶ್ ಆಂಟೆನಾ ಮುಟ್ಟಬೇಡಿ ಅಂತ ಹುಡುಗರಿಗೆ ಹೇಳಿದ್ದೇನೆ, ಆದರೂ ಸ್ವಲ್ಪ ಅಲುಗಾಡಿ ಸಿಗ್ನಲ್ ಹೋದರೆ ನನಗೆ ಫೋನ್ ಮಾಡಿ, ಸರಿ ಮಾಡಿಸುತ್ತೇನೆ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಹೇಳಿದ ದಿನಕ್ಕೆ ತೆಗೆಯದೆ ಬಿಟ್ಟ ಸಾಮಾನನ್ನು ಹುಡುಗರೇ ಟೆರೇಸಿಗೆ ಸಾಗಿಸುತ್ತಾರೆ. ಅದು ಒಡೆದರೆ, ಬಣ್ಣ ಸಿಡಿದರೆ ನಾನು ಜವಾಬ್ದಾರಿ ಅಲ್ಲ. ಆದರೆ ನೀವು ಖಾಲಿ ಮಾಡಿಕೊಟ್ಟ ಮೇಲೆ ಕಿಟಕಿ ಗಾಜು, ಎಸಿ, ಪೈಪು ಏನಾದರೂ ಹಾಳಾದರೆ ಅದು ನನ್ನ ತಲೆನೋವು, ನಾನೇ ರಿಪೇರಿ ಮಾಡಿಸುತ್ತೇನೆ. ಈಗಲೇ ಬಾಲ್ಕನಿ, ಕಿಟಕಿಗಳ ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ವಾದ ಬೇಡ.

ಸದ್ದಿನ ಬಗ್ಗೆ. ಬಣ್ಣ ಹೊಡೆಯುವುದು ಸದ್ದಿಲ್ಲದ ಕೆಲಸ, ಸದ್ದೆಲ್ಲಾ ಅದಕ್ಕೆ ಮುಂಚಿನದು. ಮೊದಲು ಗೋಡೆ ತಟ್ಟಿ ಎಲ್ಲಿ ಪ್ಲಾಸ್ಟರ್ ಟೊಳ್ಳಾಗಿದೆ ಅಂತ ನೋಡುತ್ತಾರೆ. ಟೊಳ್ಳಾಗಿದ್ದನ್ನು ಒಡೆದು ತೆಗೆಯುತ್ತಾರೆ. ಬಿರುಕನ್ನು ಗ್ರೈಂಡರ್‌ನಲ್ಲಿ ಸ್ವಲ್ಪ ಅಗಲ ಮಾಡಿ ತುಂಬುತ್ತಾರೆ. ತಂತಿ ಬ್ರಷ್ ಹಾಕಿ ಹಳೇ ಬಣ್ಣ ಕೆರೆಯುತ್ತಾರೆ, ಆಮೇಲೆ ಮೆಷಿನ್ನಿನಲ್ಲಿ ಜೋರಾಗಿ ನೀರು ಹೊಡೆದು ಪಾಚಿ ತೊಳೆಯುತ್ತಾರೆ. ಇದು ಒಂದೊಂದು ಕಡೆಗೆ ಎರಡು ಮೂರು ದಿನ. ಅದಾದ ಮೇಲೆ ಪ್ರೈಮರ್, ಎರಡು ಕೋಟ್ ಎಮಲ್ಷನ್, ಆಗ ಹುಡುಗರ ಮಾತು ಬಿಟ್ಟರೆ ಏನೂ ಕೇಳಿಸುವುದಿಲ್ಲ. ಕೆಲಸದ ಹೊತ್ತು ಬೆಳಿಗ್ಗೆ 9:30ರಿಂದ ಸಂಜೆ 5:30. ಗ್ರೈಂಡರ್, ಸುತ್ತಿಗೆ ಮಾತ್ರ 10ರಿಂದ 1, ಮತ್ತೆ 2:30ರಿಂದ 4:30. ಇದಕ್ಕಿಂತ ಮುಂಚೆ ಅಥವಾ ಆಮೇಲೆ ಗ್ರೈಂಡರ್ ಸದ್ದು ಕೇಳಿದರೆ ತಕ್ಷಣ ಹೇಳಿ, ನಿಲ್ಲಿಸುತ್ತೇನೆ. ರೇಡಿಯೋ, ಮೊಬೈಲ್ ಹಾಡು ಜೋರಾಗಿ ಹಾಕಬಾರದು ಅಂತಲೂ ಹೇಳಿದ್ದೇನೆ.

ಮೂರನೇ ಮಹಡಿಯಲ್ಲಿ ಪಿಯುಸಿ ಪ್ರಿಪರೇಟರಿ ಬರೆಯುವ ಹುಡುಗಿ ಇದ್ದಾಳೆ, ಮೊದಲನೇ ಮಹಡಿಯಲ್ಲಿ ಹಸುಗೂಸು ಇದೆ, ನೈಟ್ ಶಿಫ್ಟ್ ಮುಗಿಸಿ ಬಂದು ಹಗಲು ಮಲಗುವವರೂ ಇದ್ದಾರೆ. ನನ್ನ ಮನೆಯ ಮುಂದಿನ ರೂಮು ಮುಂಭಾಗದ ಸರದಿ ಬರುವವರೆಗೆ ಖಾಲಿ ಇಟ್ಟಿರುತ್ತೇನೆ. ಓದೋಕಾಗಲಿ, ಮಲಗೋಕಾಗಲಿ ಬನ್ನಿ, ಸಂಕೋಚ ಬೇಡ. ಮುಂಭಾಗದ ವಾರದಲ್ಲಿ ಹಿಂದಿನ ರೂಮು ಬಿಟ್ಟುಕೊಡುತ್ತೇನೆ. ಯಾರಿಗಾದರೂ ಆಸ್ತಮಾ ಇದ್ದರೆ ಮೊದಲೇ ತಿಳಿಸಿ. ಗೋಡೆಯ ಬಣ್ಣ ನೀರಿನಲ್ಲಿ ಕಲಸುವುದು, ಅದರ ವಾಸನೆ ಕಡಿಮೆ. ಗ್ರಿಲ್‌ಗೆ ಹೊಡೆಯುವ ಆಯಿಲ್ ಪೇಂಟ್, ಥಿನ್ನರ್ ವಾಸನೆ ಮಾತ್ರ ಜೋರು. ಆ ಎರಡು ದಿನ ಅವರು ಬೇರೆ ಕಡೆ ಇರುವಂತಿದ್ದರೆ ಒಳ್ಳೆಯದು.

ಈಗ ಹೇಳುವುದು ಎಲ್ಲಕ್ಕಿಂತ ಮುಖ್ಯ. ಮೂರು ಕಡೆ ಸಾರುವೆ ಕಟ್ಟುತ್ತಾರೆ. ಸಾರುವೆ ಇದ್ದರೆ ಪೇಂಟರ್ ಹತ್ತುವ ಹಾಗೆ ಕಳ್ಳನೂ ಹತ್ತಬಹುದು. ರಾತ್ರಿ ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿ, ಗ್ರಿಲ್ ಇಲ್ಲದ ಕಿಟಕಿ ಮುಚ್ಚಿ. ಮೊಬೈಲ್, ಲ್ಯಾಪ್‌ಟಾಪ್ ಕಿಟಕಿ ಪಕ್ಕ ಚಾರ್ಜಿಗೆ ಇಡಬೇಡಿ. ಹಗಲು ಹೊತ್ತು ಕರ್ಟನ್ ಹಾಕಿಕೊಂಡಿರಿ, ನಿಮಗೂ ನೆಮ್ಮದಿ, ಹುಡುಗರಿಗೂ ಮುಜುಗರ ತಪ್ಪುತ್ತದೆ. ಮಕ್ಕಳು ಬಾಲ್ಕನಿಯಿಂದ ಸಾರುವೆಗೆ ಕಾಲಿಡದಂತೆ ನೋಡಿಕೊಳ್ಳಿ. ಉತ್ತರದ ಕಡೆ ಸಾರುವೆ ನಿಲ್ಲಿಸುವಷ್ಟು ಜಾಗವೇ ಇಲ್ಲ. ಅಲ್ಲಿ ಹಗ್ಗದ ಜೂಲಾ ಇಳಿಬಿಡುತ್ತಾರೆ, ಹಗ್ಗ ಕಟ್ಟುವುದು ಟೆರೇಸಿನಲ್ಲಿ. ಆ ವಾರ ಟೆರೇಸಿನ ಉತ್ತರದ ಅರ್ಧಕ್ಕೆ ಯಾರೂ ಹೋಗಬಾರದು. ಅಲ್ಲಿನ ಹಗ್ಗ, ಮರಳು ಮೂಟೆ ಯಾವುದನ್ನೂ ಮುಟ್ಟಬಾರದು. ದಾರಿಗೆ ಅಡ್ಡ ಇದೆ ಅಂತ ಒಂದು ಗಂಟನ್ನೂ ಸಡಿಲ ಮಾಡಬೇಡಿ, ಕೆಳಗಡೆ ಒಬ್ಬ ಮನುಷ್ಯ ನೇತಾಡುತ್ತಿರುತ್ತಾನೆ. ಮಕ್ಕಳಿಗೆ ಇದನ್ನು ಕೂರಿಸಿಕೊಂಡು ಹೇಳಿ.

ಬಟ್ಟೆ ಟೆರೇಸಿನ ದಕ್ಷಿಣದ ಕಡೆ ಒಣಹಾಕಬಹುದು. ಕೆರೆಯುವ ದಿನಗಳಲ್ಲಿ ಬಿಳಿ ಬಟ್ಟೆ ಹಾಕದಿದ್ದರೆ ಒಳ್ಳೆಯದು. ಕಾರಿಗೆ, ಸ್ಕೂಟರಿಗೆ ಕವರ್ ಹಾಕಿ. ಮುಂಭಾಗದ ವಾರ ಗೇಟಿನ ಪಕ್ಕದ ಎರಡು ಕಾರು ಹಗಲು ರಸ್ತೆ ಆ ಕಡೆ ನಿಲ್ಲಿಸಬೇಕಾಗುತ್ತದೆ, ಅವರ ಜೊತೆ ಬೇರೆ ಮಾತಾಡುತ್ತೇನೆ. ಗೋಡೆ ತೊಳೆಯಲು ಸಂಪಿನ ನೀರು ಮುಟ್ಟುವುದಿಲ್ಲ, ಟ್ಯಾಂಕರ್ ತರಿಸುತ್ತೇನೆ. ನಿಮ್ಮ ಕಾವೇರಿ ನೀರಿಗೆ ತೊಂದರೆ ಇಲ್ಲ.

ಹುಡುಗರು ನೀರು ಕೇಳಿದರೆ ಕೊಡಿ. ಅವರಿಗೆ ಬಾತ್‌ರೂಮ್ ನನ್ನ ಮನೆ ಹಿಂದೆ ಇದೆ, ನಿಮ್ಮ ಮನೆಯೊಳಗೆ ಬರುವ ಅಗತ್ಯ ಇಲ್ಲ. ಹಾಗೇ ‘ಒಳಗಡೆ ಒಂದು ಗೋಡೆ ಹೊಡೆದುಕೊಡಪ್ಪ’ ಅಂತ ಅವರಿಗೆ ಕೆಲಸ ಹಚ್ಚಬೇಡಿ. ಒಬ್ಬರಿಗೆ ಮಾಡಿದರೆ ಒಂಬತ್ತು ಮನೆಗೂ ಆಗಬೇಕು, ಆಗ ಯುಗಾದಿಗೂ ಕೆಲಸ ಮುಗಿಯುವುದಿಲ್ಲ.

ಇನ್ನು ಯಾರೂ ಬಾಯಿ ಬಿಟ್ಟು ಕೇಳದ ಪ್ರಶ್ನೆ, ಬಾಡಿಗೆ. ಬಣ್ಣ ಹೊಡೆಸಿದ್ದಕ್ಕೆ ಬಾಡಿಗೆ ಜಾಸ್ತಿ ಮಾಡುವುದಿಲ್ಲ. ಅಗ್ರಿಮೆಂಟಿನಲ್ಲಿ ಇರುವಷ್ಟೇ, ಅದು ರಿನ್ಯೂ ಆಗುವಾಗಲೇ. ಈ ಖರ್ಚನ್ನು ಯಾರ ಅಡ್ವಾನ್ಸಿನಲ್ಲೂ ಹಿಡಿಯುವುದಿಲ್ಲ. ಮನೆ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಹಿಡಿಯುವ ದುಡ್ಡು ಒಳಗಿನ ಬಣ್ಣಕ್ಕೆ ಮಾತ್ರ. ತೊಂದರೆ ಕೊಡುತ್ತಿರುವುದಕ್ಕೆ ಫೆಬ್ರವರಿ ಮೇಂಟೆನೆನ್ಸ್ ಯಾರೂ ಕೊಡಬೇಡಿ, ಬಾಡಿಗೆ ಮಾತ್ರ ಹಾಕಿ.

ಬಣ್ಣ ಯಾವುದು ಅಂತ ಗ್ರೂಪಿನಲ್ಲಿ ಓಟಿಂಗ್ ಬೇಡ. ತಿಳಿ ಕೆನೆ ಬಣ್ಣ, ಬಾಲ್ಕನಿ ಅಂಚಿಗೆ ಇಟ್ಟಿಗೆ ಕೆಂಪು. ಡಬ್ಬ ಬುಕ್ ಆಗಿದೆ.

ದಿನಾಂಕ ಹೊಂದದವರು, ಆ ಹೊತ್ತಿಗೆ ಊರಿಗೆ ಹೋಗುವವರು ಜನವರಿ 11, ಭಾನುವಾರದೊಳಗೆ ತಿಳಿಸಿ. ಬೀಗ ಹಾಕಿ ಹೋಗುವವರು ಬಾಲ್ಕನಿ ಖಾಲಿ ಮಾಡಿ, ಕಿಟಕಿ ಮುಚ್ಚಿ ಹೋಗಿ, ಕೀ ಕೊಡುವುದು ಬೇಡ. ಅದೇ ಭಾನುವಾರ ಬೆಳಿಗ್ಗೆ 11ಕ್ಕೆ ಹಳೇ ಸಾಮಾನಿನವನನ್ನು ಗೇಟಿಗೆ ಬರಲು ಹೇಳಿದ್ದೇನೆ. ಬಾಲ್ಕನಿಯಿಂದ ಒಳಗೆ ತರಲು ಮನಸ್ಸಿಲ್ಲದ್ದನ್ನೆಲ್ಲಾ ಅವನಿಗೆ ಹಾಕಿಬಿಡಿ, ದುಡ್ಡು ನೀವೇ ಇಟ್ಟುಕೊಳ್ಳಿ.

ಇಂತಿ,
ನಿಮ್ಮ ಮನೆ ಓನರ್
ಗ್ರೌಂಡ್ ಫ್ಲೋರ್ (ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ ಬೆಲ್ ಮಾಡಬಹುದು)